ಮೋಡವೇ ಇಲ್ಲದ ದಿನವೂ ಸೋಲಾರ್ ಯೂನಿಟ್ ಕಡಿಮೆ ಬಂದರೆ

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮ ಮನೆ ಮೇಲೆ 540 ವ್ಯಾಟಿನ 10 ಪ್ಯಾನೆಲ್, 5 ಕಿಲೋವ್ಯಾಟ್ ಇನ್ವರ್ಟರ್ ಇದೆ. ಸುಡು ಬಿಸಿಲಿನ ದಿನವೂ 15 ಯೂನಿಟ್ ದಾಟುತ್ತಿಲ್ಲ. ಹಾಕಿದವರು ‘ಸೆಕೆ ಜಾಸ್ತಿ, ಅದಕ್ಕೇ’ ಅಂತಾರೆ. ನಿಜಾನಾ?

ಸೆಕೆಗೆ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಇಷ್ಟಲ್ಲ. ಇಷ್ಟು ಪ್ಯಾನೆಲ್‌ಗೆ ಬೇಸಿಗೆಯಲ್ಲಿ ದಿನಕ್ಕೆ 22 ಯೂನಿಟ್ ಆಸುಪಾಸು ಬರಬೇಕು. ಕೊಪ್ಪಳದ ಗಿಣಿಗೇರಾ ಕಡೆ ನಮ್ಮ ಮನೆಯಲ್ಲೂ ಇಷ್ಟೇ ಪ್ಯಾನೆಲ್, ಎಲ್ಲವೂ ಒಂದಕ್ಕೊಂದು ಸಾಲಾಗಿ ಜೋಡಿಸಿದ ಒಂದೇ ಸ್ಟ್ರಿಂಗ್. ನಮಗೂ ಹೀಗೇ ಆಗಿತ್ತು.

ಮಧ್ಯಾಹ್ನ ಹನ್ನೆರಡೂವರೆಗೆ ಇನ್ವರ್ಟರ್ ಪರದೆಯಲ್ಲಿ ಡಿಸಿ ವೋಲ್ಟೇಜ್ ಮತ್ತು ಡಿಸಿ ಆಂಪಿಯರ್ ಎರಡನ್ನೂ ಬರೆದುಕೊಳ್ಳಿ. ಪ್ಯಾನೆಲ್ ಹಿಂದಿನ ಚೀಟಿಯಲ್ಲಿ Vmp, ಅಂದರೆ ಪ್ಯಾನೆಲ್ ಪೂರ್ತಿ ಶಕ್ತಿ ಕೊಡುವಾಗಿನ ವೋಲ್ಟೇಜ್, 41.5 ಅಂತ ಇದ್ದರೂ ಅದು 25 ಡಿಗ್ರಿಯ ಲೆಕ್ಕ. ನಮ್ಮ ಬಿಸಿಲಿಗೆ ಪ್ಯಾನೆಲ್ 65 ಡಿಗ್ರಿ ಕಾಯುತ್ತದೆ, ಆಗ ಒಂದಕ್ಕೆ 36 ವೋಲ್ಟ್ ಸಿಗುತ್ತದೆ. ಹತ್ತಕ್ಕೆ 360. ಸೆಕೆಯ ಲೆಕ್ಕ ಅಲ್ಲಿಗೆ ಮುಗಿಯಿತು.

ನಮ್ಮಲ್ಲಿ ವೋಲ್ಟೇಜ್ 358 ಇತ್ತು, ಸರಿಯಾಗೇ ಇತ್ತು. ಆಂಪಿಯರ್ ಮಾತ್ರ 12ರ ಹತ್ತಿರ ಇರಬೇಕಾದ್ದು 8.4ಕ್ಕೆ ನಿಂತಿತ್ತು. ವೋಲ್ಟೇಜ್ ಸರಿ, ಆಂಪಿಯರ್ ಕಡಿಮೆ ಅಂದರೆ ಮೊದಲು ದೂಳನ್ನೇ ನೋಡಬೇಕು. ಮೇಲೆ ಹತ್ತಿ ನೋಡಿದೆ. ಕಾರ್ಖಾನೆ ಕಡೆಯ ಕಪ್ಪು ದೂಳು ಬೆಳಗಿನ ಇಬ್ಬನಿಗೆ ನೆನೆದು ಜಾರಿ, ಪ್ಯಾನೆಲ್‌ಗಳ ಕೆಳ ಅಂಚಿನಲ್ಲಿ ನಾಲ್ಕು ಬೆರಳಗಲ ಗಟ್ಟಿಯಾಗಿತ್ತು. ಸೆಲ್‌ಗಳು ಸರಪಳಿಯಂತೆ ಜೋಡಿಸಿರುವುದರಿಂದ ಆ ಒಂದು ಪಟ್ಟಿ ಸಾಕು, ಮೇಲಿನ ಸೆಲ್‌ಗಳನ್ನೂ ಎಳೆದು ಹಿಡಿಯುತ್ತದೆ. ತೊಳೆದ ಮೇಲೆ 11.6 ಬಂತು. ತೊಳೆಯುವುದಾದರೆ ಬಿಸಿಲೇರುವ ಮುಂಚೆ ತೊಳೆಯಿರಿ, ಕಾದ ಗಾಜಿಗೆ ತಣ್ಣೀರು ಬಿದ್ದರೆ ಒಡೆಯಬಹುದು. ಬೋರ್ ನೀರು ಸುಮ್ನೆ ಒಣಗಲು ಬಿಟ್ಟರೆ ಬಿಳಿ ಕಲೆ ಕೂರುತ್ತದೆ, ರಬ್ಬರ್ ವೈಪರ್‌ನಿಂದ ಎಳೆದುಬಿಡಿ.

ನಿಮ್ಮಲ್ಲಿ ವೋಲ್ಟೇಜೇ 324ರ ಹತ್ತಿರ ಇದ್ದರೆ ವಿಷಯ ಬೇರೆ. ಸರಿಯಾಗಿ ಒಂದು ಪ್ಯಾನೆಲಿನಷ್ಟು ಕಡಿಮೆ, ಅಲ್ವಾ? ಆ ಪ್ಯಾನೆಲ್ ಲೆಕ್ಕಕ್ಕೆ ಬರುತ್ತಿಲ್ಲ. ಕೇವಲ 12 ವೋಲ್ಟ್ ಕಡಿಮೆ ಇದ್ದರೆ ಒಂದು ಪ್ಯಾನೆಲಿನ ಮೂರನೇ ಒಂದು ಭಾಗ, ಅಂದರೆ ಆ ಭಾಗವನ್ನು ಬಿಟ್ಟು ಕರೆಂಟಿಗೆ ಅಡ್ಡದಾರಿ ಕೊಡುವ ಒಂದು ಬೈಪಾಸ್ ಡಯೋಡ್ ಸುಟ್ಟಿರಬಹುದು, ಇಲ್ಲವೇ ಎಲ್ಲೋ ನೆರಳು ಬೀಳುತ್ತಿರಬಹುದು. ನೆರಳಾದರೆ ಅದು ಸರಿದಂತೆ ಈ ಕೊರತೆಯೂ ಸರಿಯುತ್ತದೆ, ಡಯೋಡ್ ಆದರೆ ದಿನವಿಡೀ ಹಾಗೇ ಇರುತ್ತದೆ. ದಯವಿಟ್ಟು ನೀವೇ ಕನೆಕ್ಟರ್ ಎಳೆಯಬೇಡಿ. ಹೊರೆ ಇರುವಾಗ ಬಿಚ್ಚಿದರೆ ಡಿಸಿ ಕಿಡಿ ಆರುವುದಿಲ್ಲ, ಕೈ ಸುಡುತ್ತದೆ.

ಕ್ಲಿಪಿಂಗ್, ಅಂದರೆ ಇನ್ವರ್ಟರ್ ತನ್ನ ಮಿತಿ ಮೀರಿದ್ದನ್ನು ಬಿಟ್ಟುಬಿಡುವುದು, ಇರಬಹುದಾ ಅಂತ ಅನುಮಾನ ಬಂದರೆ ಆ್ಯಪಿನ ಗ್ರಾಫ್ ನೋಡಿ. ನೆತ್ತಿ ಸರಿಯಾಗಿ 5 ಕಿಲೋವ್ಯಾಟಿಗೆ ಚಪ್ಪಟೆಯಾಗಿ, ಆಗ ಡಿಸಿ ವೋಲ್ಟೇಜ್ 360 ದಾಟಿ ಮೇಲೇರಿದ್ದರೆ ಮಾತ್ರ ಅದು ಕ್ಲಿಪಿಂಗ್. 5.4 ಕಿಲೋವ್ಯಾಟ್ ಪ್ಯಾನೆಲ್‌ಗೆ ಅದರಿಂದ ದಿನಕ್ಕೆ ಏಳು ಯೂನಿಟ್ ಹೋಗುವುದು ಸಾಧ್ಯವೇ ಇಲ್ಲ. ಆದರೆ 3.5ಕ್ಕೇ ಚಪ್ಪಟೆಯಾಗಿ, ವೋಲ್ಟೇಜ್ ಮೇಲೇರಿದ್ದರೆ ಇನ್ವರ್ಟರ್ ತಾನೇ ಕಾದು ತಗ್ಗಿಸಿಕೊಳ್ಳುತ್ತಿರಬಹುದು. ಪಡುವಣ ಗೋಡೆಗೆ ಹಾಕಿದ್ದಾರಾ, ಅದರ ಹಿಂದೆ ಕಾವು ಹೊರಬಿಡುವ ಲೋಹದ ರೆಕ್ಕೆಗಳಲ್ಲಿ ದೂಳು ತುಂಬಿದೆಯಾ ನೋಡಿ.

ಮಧ್ಯಾಹ್ನದ ಆ ವೋಲ್ಟೇಜ್, ಆಂಪಿಯರ್ ಎರಡು ಅಂಕಿ ಇಲ್ಲಿ ಹಾಕಿ, ಯಾವುದು ಅಂತ ನೋಡಿ ಹೇಳುತ್ತೇನೆ.