ಗೆರೆಗಳು ಕೂಡಿದ ಮಾತ್ರಕ್ಕೆ ಸಹಬಾಳ್ವೆಯಲ್ಲ

"ಎರಡು ನಲ್‌ಕ್ಲೈನ್‌ಗಳು (40, 40)ರಲ್ಲಿ ಕೂಡುತ್ತವೆ. ಆದ್ದರಿಂದ ಎರಡೂ ಪ್ರಭೇದಗಳು ತಲಾ ನಲವತ್ತರಂತೆ ಒಟ್ಟಿಗೆ ಬದುಕುತ್ತವೆ ಎಂದು ಬರೆದಿದ್ದೇನೆ. ಲೇಖನ ಪ್ರಕಟಣೆಗೆ ಆಗುತ್ತದೆಯೇ?"

ಈಗಿರುವ ರೂಪದಲ್ಲಿ ಆಗುವುದಿಲ್ಲ. ಕೂಡುವ ಬಿಂದುವನ್ನು ಸರಿಯಾಗಿಯೇ ಕಂಡುಹಿಡಿದಿದ್ದೀರಿ, ಆದರೆ ಅದರಿಂದ ತೆಗೆದ ತೀರ್ಮಾನ ತಪ್ಪು. ಪೈಪೋಟಿ ನಡೆಸುವ ಎರಡು ಪ್ರಭೇದಗಳ ಸಂಖ್ಯೆ x ಮತ್ತು y, ಅವುಗಳ ಏರಿಳಿತ x' ಮತ್ತು y'. ನಿಮ್ಮ ಸಮೀಕರಣಗಳನ್ನೇ ನೋಡಿ:

```
x' = 0.5 x (1 - (x + 1.5 y)/100)
y' = 0.4 y (1 - (y + x)/80)
```

ನಲ್‌ಕ್ಲೈನ್ ಎಂದರೆ ಒಂದು ಪ್ರಭೇದದ ಸಂಖ್ಯೆ ಏರದೆ ಇಳಿಯದೆ ನಿಲ್ಲುವ ಗೆರೆ. x ಪ್ರಭೇದದ ಗೆರೆ x + 1.5y = 100. ಅದು x ಅಕ್ಷವನ್ನು 100ರಲ್ಲಿ, y ಅಕ್ಷವನ್ನು ಸುಮಾರು 67ರಲ್ಲಿ ಮುಟ್ಟುತ್ತದೆ. y ಪ್ರಭೇದದ ಗೆರೆ ಎರಡೂ ಅಕ್ಷಗಳನ್ನು 80ರಲ್ಲೇ ಮುಟ್ಟುತ್ತದೆ. ತನ್ನ ಗೆರೆಗಿಂತ ಮೂಲಬಿಂದುವಿನ ಕಡೆಗಿದ್ದರೆ ಪ್ರಭೇದ ಬೆಳೆಯುತ್ತದೆ, ಆಚೆಗಿದ್ದರೆ ಕುಗ್ಗುತ್ತದೆ. ಇಷ್ಟನ್ನು ನೀವೂ ಬರೆದಿದ್ದೀರಿ, ಆದರೆ ಸಂಖ್ಯೆಗಳು ಯಾವ ಕಡೆಗೆ ಸಾಗುತ್ತವೆ ಎಂದು ತೋರಿಸುವ ಒಂದು ಬಾಣವನ್ನೂ ಚಿತ್ರದಲ್ಲಿ ಹಾಕಿಲ್ಲ. ಎಡವಿದ್ದು ಅಲ್ಲೇ.

ಗೆರೆಗಳು ಕತ್ತರಿಸಿ ನಾಲ್ಕು ಭಾಗಗಳಾಗುತ್ತವಲ್ಲ, ಗೆರೆಗಳ ನಡುವೆ ಸಿಕ್ಕಿರುವ ಎರಡು ತ್ರಿಕೋನಗಳನ್ನು ಪರೀಕ್ಷಿಸಿ. ಕೆಳಗಿನದರಲ್ಲಿ (60, 25) ತೆಗೆದುಕೊಳ್ಳಿ. x + 1.5y ಬೆಲೆ 97.5, ನೂರರೊಳಗಿದೆ, ಹಾಗಾಗಿ x ಏರುತ್ತದೆ. x + y ಬೆಲೆ 85, ಎಂಬತ್ತನ್ನು ದಾಟಿದೆ, ಹಾಗಾಗಿ y ಇಳಿಯುತ್ತದೆ. ಬಾಣ (40, 40)ರಿಂದ ದೂರ, (100, 0) ಕಡೆಗೆ. ಮೇಲಿನ ತ್ರಿಕೋನದ (15, 60)ರಲ್ಲಿ ಇದಕ್ಕೆ ಪೂರಾ ವಿರುದ್ಧ: x ಇಳಿದು y ಏರುತ್ತದೆ, ಕೊನೆಗೆ (0, 80). ಅಂದರೆ ನಿಮ್ಮ (40, 40) ಸ್ಯಾಡಲ್ ಬಿಂದು, ಸ್ವಲ್ಪ ಅಲುಗಿದರೂ ಸಂಖ್ಯೆಗಳು ದೂರ ಸರಿದುಬಿಡುವ ಅಸ್ಥಿರ ಸಮತೋಲನ. ಆರಂಭದಲ್ಲಿ ಯಾರ ಕೈ ಮೇಲಿತ್ತೋ ಅವರು ಉಳಿಯುತ್ತಾರೆ, ಇನ್ನೊಬ್ಬರು ಅಳಿಯುತ್ತಾರೆ.

ಓದುಗರಿಗೆ ಇದನ್ನು ಬಿಡಿಸಿ ಹೇಳಲು ಸುಲಭದ ದಾರಿಯಿದೆ. ಒಂದು ಪ್ರಭೇದ ತುಂಬಿಕೊಂಡಿರುವ ಜಾಗಕ್ಕೆ ಇನ್ನೊಂದರ ಕೆಲವೇ ಜೀವಿಗಳನ್ನು ಬಿಡಿ. x 100 ಇರುವಾಗ y ಮೇಲಿನ ಒತ್ತಡ 100, ಅದರ ಮಿತಿ 80, ಒಳಬರಲಾಗದು. y 80 ಇರುವಾಗ x ಮೇಲಿನ ಒತ್ತಡ 120, ಮಿತಿ 100, ಅದಕ್ಕೂ ಆಗದು. ಈಗ y ಮುಂದಿನ 1.5 ಅನ್ನು 0.5 ಮಾಡಿ, ಎರಡನೆಯ ಸಾಲಿನ x ಮುಂದೆ 0.4 ಹಾಕಿ. ಎರಡೂ ಒತ್ತಡ 40ಕ್ಕೆ ಇಳಿಯುತ್ತವೆ, ಇಬ್ಬರೂ ಒಳಬರುತ್ತಾರೆ, ಗೆರೆಗಳು (75, 50)ರಲ್ಲಿ ಕೂಡುತ್ತವೆ, ಎಲ್ಲ ಬಾಣಗಳೂ ಅಲ್ಲಿಗೇ ಸೇರುತ್ತವೆ. ನಿಮಗೆ ಬೇಕಿದ್ದ ಸಹಬಾಳ್ವೆ ಇದು. ಎರಡು ಚಿತ್ರಗಳನ್ನೂ ಅಕ್ಕಪಕ್ಕ ಕೊಡಿ. ಒಬ್ಬರೇ ಒಳಬರುವಂತಿದ್ದರೆ ಚಿತ್ರದೊಳಗೆ ಗೆರೆಗಳು ಕೂಡುವುದೇ ಇಲ್ಲ, ಅವರದೇ ಗೆಲುವು. ಅದಕ್ಕೆ ಒಂದು ಪ್ಯಾರಾ ಸಾಕು.

"ಬೇಗ ಬೆಳೆಯುವುದೇ ಗೆಲ್ಲುತ್ತದೆ" ಎಂಬ ವಾಕ್ಯ ತೆಗೆಯಿರಿ. ನಿಮ್ಮ ಎರಡು ಸಾಲುಗಳ ಆರಂಭದಲ್ಲಿರುವ 0.5, 0.4 ಎಂಬ ಬೆಳವಣಿಗೆಯ ವೇಗಗಳು ಗೆರೆಗಳ ಸಮೀಕರಣದಲ್ಲೇ ಬರುವುದಿಲ್ಲ. ಸ್ಯಾಡಲ್ ಇರುವಾಗ ಮಾತ್ರ ಅವು ಗೆಲುವು-ಸೋಲಿನ ಗಡಿಯನ್ನು ಒಂದಿಷ್ಟು ಸರಿಸಬಲ್ಲವು.

ಜೀವವಿಜ್ಞಾನಿ ಗಾಸ್ ಅವರು ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯ ಪ್ರಭೇದಗಳ ಮೇಲೆ ಮಾಡಿದ ಪ್ರಯೋಗವನ್ನು ಸಹಬಾಳ್ವೆಗೆ ಉದಾಹರಣೆ ಮಾಡಿದ್ದೀರಿ. ನೀವು ಹೆಸರಿಸಿದ ಆರೇಲಿಯಾ, ಕಾಡೇಟಂ ಜೋಡಿಯಲ್ಲಿ ಕಾಡೇಟಂ ಅಳಿದುಹೋಯಿತು. ಒಟ್ಟಿಗೆ ಉಳಿದದ್ದು ಕಾಡೇಟಂ ಮತ್ತು ಬರ್ಸೇರಿಯಾ. ಹೆಸರು ಬದಲಿಸಿ, ಬಾಣ ಹಾಕಿದ ಚಿತ್ರಗಳೊಂದಿಗೆ ಮತ್ತೆ ಕಳಿಸಿ.