ಭಾಷೆಯೂ ಕಂಪ್ಯೂಟರೂ ಒಂದೇ ಅರ್ಜಿಯಲ್ಲಿ

"ಅಕ್ಕ, ನಾನು ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಮುಗಿಸಿದ್ದೇನೆ. ಶಾಲೆಯಿಂದಲೂ ಕನ್ನಡ ವ್ಯಾಕರಣದ ಹುಚ್ಚು. ಜರ್ಮನಿಯಲ್ಲಿ ಕಂಪ್ಯುಟೇಶನಲ್ ಲಿಂಗ್ವಿಸ್ಟಿಕ್ಸ್ ಓದುವ ಆಸೆ. ಉದ್ದೇಶಪತ್ರದಲ್ಲಿ ಎರಡನ್ನೂ ಬರೆದರೆ ಎರಡು ದೋಣಿಯ ಮೇಲೆ ಕಾಲಿಟ್ಟವನಂತೆ ಕಾಣುವುದಿಲ್ಲವೇ? ಅಲ್ಲಿಗೆ ಬಂದ ಮೇಲೆ ಓದು ಹೇಗಿರುತ್ತದೆ?"

"ನನಗೆ ಭಾಷೆ ಇಷ್ಟ, ಪ್ರೋಗ್ರಾಮಿಂಗ್ ಕೂಡ ಇಷ್ಟ" ಎಂದು ಬರೆದರೆ ಖಂಡಿತ ಹಾಗೆ ಕಾಣುತ್ತದೆ. ಎರಡು ಇಷ್ಟಗಳನ್ನು ಪಕ್ಕಪಕ್ಕ ಇಟ್ಟ ಮಾತ್ರಕ್ಕೆ ಅವು ಒಂದಾಗುವುದಿಲ್ಲ. ಪತ್ರವನ್ನು ಒಂದೇ ಒಂದು ಪ್ರಶ್ನೆಯಿಂದ ಆರಂಭಿಸಿ. ಅದು ವ್ಯಾಕರಣ ಮಾತ್ರ ಬಲ್ಲವರಿಗೂ ಪ್ರೋಗ್ರಾಮಿಂಗ್ ಮಾತ್ರ ಬಲ್ಲವರಿಗೂ ಪೂರ್ತಿ ಬಿಡಿಸಲಾಗದ ಪ್ರಶ್ನೆಯಾಗಿರಲಿ. ಅಂಥದ್ದೊಂದು ನಿಮ್ಮ ಕೈಗೆಟುಕುವಲ್ಲೇ ಇದೆ.

ಲೋಪಸಂಧಿಯನ್ನೇ ತೆಗೆದುಕೊಳ್ಳೋಣ. ಊರು, ಅಲ್ಲಿ ಎರಡೂ ಸೇರಿ 'ಊರಲ್ಲಿ' ಆಗುತ್ತದೆ. ಉಚ್ಚಾರಣೆಯಲ್ಲಿ ಬಿದ್ದುಹೋಗುವುದು ಒಂದೇ ಸ್ವರ, 'ಊರು'ವಿನ ಕೊನೆಯ ಉಕಾರ. ಆದರೆ ಯೂನಿಕೋಡ್‌ನಲ್ಲಿ ಬರೆದ ಪಠ್ಯದಲ್ಲಿ ಎರಡು ಅಕ್ಷರಸಂಕೇತಗಳು ಮಾಯವಾಗುತ್ತವೆ: ಕೊಂಬಿನ ಸಂಕೇತ ಒಂದು, 'ಅಲ್ಲಿ'ಯ ಮೊದಲ ಅಕಾರ ಇನ್ನೊಂದು. ವ್ಯಂಜನದೊಳಗೆ ಅಕಾರ ಅಡಗಿಯೇ ಇರುವುದರಿಂದ ನಮ್ಮ ಲಿಪಿ ಅದನ್ನು ಬೇರೆಯಾಗಿ ಬರೆಯುವುದಿಲ್ಲ. ಹಾಗಾಗಿ 'ಊರು' ಎಂಬುದರಿಂದ ಕೊಂಬನ್ನು ತೆಗೆದರೆ ಕಂಪ್ಯೂಟರಿಗೆ ಸಿಗುವುದು ಅರ್ಧಾಕ್ಷರವಲ್ಲ, 'ಊರ' ಎಂಬ ಪೂರ್ಣ ರೂಪ. ಸಂಧಿಯ ನಿಯಮವನ್ನು ಲಿಪಿಯ ಮೇಲೆ ನೇರವಾಗಿ ಬರೆಯಲು ಹೊರಟವರಿಗೆ ಪ್ರತಿ ಸ್ವರಕ್ಕೂ ಒಂದೊಂದು ವಿನಾಯಿತಿ ಸೇರಿಸುತ್ತ ಹೋಗಬೇಕಾಗುತ್ತದೆ. ಪಠ್ಯವನ್ನು ಮೊದಲು ಧ್ವನಿಗಳ ಸಾಲಾಗಿ ಬಿಡಿಸಿ, ಅಲ್ಲಿ ನಿಯಮವನ್ನು ಅನ್ವಯಿಸಿ, ಮತ್ತೆ ಲಿಪಿಗೆ ತಂದರೆ ಒಂದೇ ಸಾಲಿನ ನಿಯಮ ಸಾಕು. ಎಲ್ಲಿ ಧ್ವನಿ, ಎಲ್ಲಿ ಲಿಪಿ ಎಂದು ಬೇರ್ಪಡಿಸಿ ನೋಡುವುದನ್ನು ಭಾಷಾವಿಜ್ಞಾನ ಕಲಿಸುತ್ತದೆ. ಅದನ್ನು ನಡೆಸಿ ತೋರಿಸುವುದು ಪ್ರೋಗ್ರಾಮ್.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. 'ಮರ', 'ಹುಡುಗ' ಎರಡೂ ಅಕಾರದಲ್ಲಿ ಮುಗಿಯುತ್ತವೆ. ಆದರೆ ಸಪ್ತಮಿಯಲ್ಲಿ ಒಂದು 'ಮರದಲ್ಲಿ', ಇನ್ನೊಂದು 'ಹುಡುಗನಲ್ಲಿ'. ಕೊನೆಯ ಅಕ್ಷರವನ್ನಷ್ಟೇ ನೋಡುವ ಪ್ರೋಗ್ರಾಮ್ 'ಹುಡುಗದಲ್ಲಿ' ಎಂದು ಬರೆದುಬಿಡುತ್ತದೆ. ಇಲ್ಲಿ ತೀರ್ಮಾನಿಸುವುದು ಧ್ವನಿಯಲ್ಲ, ಲಿಂಗ. ಆ ಮಾಹಿತಿಯನ್ನು ಶಬ್ದಕೋಶದಲ್ಲೇ ಇಡಬೇಕು. `foma` ಎಂಬ ಉಚಿತ ಉಪಕರಣ ಓದಬಲ್ಲ ರೂಪದಲ್ಲಿ ಅದು ಹೀಗಿರುತ್ತದೆ:

```
LEXICON Root
ಮರ NeutA ;
ಹುಡುಗ MascA ;

LEXICON NeutA
ದಲ್ಲಿ # ;

LEXICON MascA
ನಲ್ಲಿ # ;
```

ಇದು ತೀರಾ ಚಿಕ್ಕದು, ಬರೀ ರೂಪಗಳನ್ನು ಹುಟ್ಟಿಸುತ್ತದೆ. ಪ್ರತಿ ರೂಪದ ಜೊತೆಗೆ ಅದರ ವ್ಯಾಕರಣದ ಗುರುತನ್ನೂ ಸೇರಿಸಿದರೆ ಇದೇ ಯಂತ್ರ ಹಿಮ್ಮುಖವಾಗಿಯೂ ನಡೆದು, ಪತ್ರಿಕೆಯಲ್ಲಿ ಸಿಕ್ಕ 'ಮರದಲ್ಲಿ' ಎಂಬುದನ್ನು ಬಿಡಿಸಿಕೊಡುತ್ತದೆ. ತೊಡಕುಗಳೂ ಅಲ್ಲೇ ಎದುರಾಗುತ್ತವೆ. 'ಮಾಡಿದ' ಎಂಬ ರೂಪಕ್ಕೆ ಅದು ಎರಡು ಉತ್ತರ ಕೊಡುತ್ತದೆ: 'ಮಾಡಿದ ಕೆಲಸ'ದ ಕೃದಂತ, 'ಅವನು ಮಾಡಿದ' ಎಂಬಲ್ಲಿನ ಕ್ರಿಯಾಪದ. ಎರಡೂ ಸರಿಯೇ. ಯಾವುದನ್ನು ಆರಿಸಬೇಕೆಂಬುದು ಪದದೊಳಗೆ ಇಲ್ಲ, ವಾಕ್ಯದಲ್ಲಿದೆ. ರೂಪದ ನಿಯಮಗಳ ಮಿತಿ ಅಲ್ಲಿಗೆ ಮುಗಿದು, ಸಂದರ್ಭದಿಂದ ಸಂಭಾವ್ಯತೆಯನ್ನು ಲೆಕ್ಕಹಾಕುವ ವಿಧಾನಗಳು ಬೇಕಾಗುವುದು ಅಲ್ಲಿಂದಲೇ. ಸ್ನಾತಕೋತ್ತರ ಹಂತದಲ್ಲಿ ಏನು ಕಲಿಯಲು ಬರುತ್ತಿದ್ದೀರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚುವುದಿಲ್ಲ.

ಅರ್ಜಿ ಹಾಕುವ ಮೊದಲು ಇದನ್ನು ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಿ. ಪತ್ರಿಕೆಯ ಒಂದು ಸುದ್ದಿಯಿಂದ ಇನ್ನೂರು ಪದಗಳನ್ನು ಕೈಯಿಂದಲೇ ಬಿಡಿಸಿ ಬರೆದಿಟ್ಟುಕೊಳ್ಳಿ, ಆಮೇಲೆ ನಿಮ್ಮ ಪ್ರೋಗ್ರಾಮನ್ನು ಅದೇ ಪದಗಳ ಮೇಲೆ ಓಡಿಸಿ. ಎಷ್ಟು ಪದಗಳಿಗೆ ಉತ್ತರವೇ ಬರಲಿಲ್ಲ, ಎಷ್ಟಕ್ಕೆ ತಪ್ಪು ಉತ್ತರ ಬಂತು ಎಂದು ಬೇರೆಬೇರೆಯಾಗಿ ಎಣಿಸಿ. ಎರಡಕ್ಕೂ ಕಾರಣಗಳು ಬೇರೆ. ಉತ್ತರ ಬಾರದ ಪದಗಳಲ್ಲಿ 'ಮೊಬೈಲ್‌ನಲ್ಲಿ'ಯಂಥವು ಇದ್ದೇ ಇರುತ್ತವೆ. 'ಲ್' ಮತ್ತು 'ನ' ಒತ್ತಾಗಿ ಕೂಡಿಕೊಳ್ಳದಂತೆ ತಡೆಯಲು ನಡುವೆ U+200C ಎಂಬ ಕಣ್ಣಿಗೆ ಕಾಣದ ಸಂಕೇತವೊಂದು ಕುಳಿತಿರುತ್ತದೆ. ನಿಮ್ಮ ನಿಯಮದಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ಪರದೆಯ ಮೇಲೆ ಸರಿಯಾಗಿಯೇ ಕಾಣುವ ಪದ ಪ್ರೋಗ್ರಾಮಿಗೆ ಅಪರಿಚಿತ. ಉದ್ದೇಶಪತ್ರದಲ್ಲಿ ಇಂಥ ಒಂದು ವಾಕ್ಯವಿದ್ದರೆ, ಈ ಕೆಲಸಕ್ಕೆ ನೀವು ನಿಜವಾಗಿ ಕೈಹಾಕಿದ್ದೀರಿ ಎಂದು ಓದುವ ಪ್ರಾಧ್ಯಾಪಕರಿಗೆ ಕೂಡಲೇ ತಿಳಿಯುತ್ತದೆ.

ನಿಮ್ಮ ಅಂಕಪಟ್ಟಿಯೂ ನಿಮ್ಮ ಪರವಾಗಿಯೇ ಇದೆ. ಎಂಜಿನಿಯರಿಂಗ್‌ನಲ್ಲಿ ಆಟೊಮೇಟಾ ಸಿದ್ಧಾಂತ ಓದಿರುತ್ತೀರಿ, ಸೀಮಿತ ಸ್ಥಿತಿಯ ಯಂತ್ರಗಳ ಪಾಠ ಅದರಲ್ಲೇ ಇರುತ್ತದೆ. ಅದರಲ್ಲಿ ಬರುವ ಚಾಮ್‌ಸ್ಕಿ ಒಬ್ಬ ಭಾಷಾವಿಜ್ಞಾನಿ. 1956ರಲ್ಲಿ ಅವರು ವ್ಯಾಕರಣಗಳನ್ನು ವರ್ಗೀಕರಿಸಿದ್ದು ಮನುಷ್ಯ ಭಾಷೆಯನ್ನು ವಿವರಿಸುವ ಪ್ರಯತ್ನದಲ್ಲೇ. 1983ರಲ್ಲಿ ಹೆಲ್ಸಿಂಕಿಯ ಕಿಮ್ಮೊ ಕೊಸ್ಕೆನ್ನಿಯೆಮಿ, ಕನ್ನಡದಂತೆಯೇ ಪ್ರತ್ಯಯಗಳ ಮೇಲೆ ಪ್ರತ್ಯಯ ಹೇರುವ ಫಿನ್ನಿಶ್ ಭಾಷೆಯ ಪದರಚನೆಯನ್ನು ಅದೇ ಸೀಮಿತ ಸ್ಥಿತಿಯ ಯಂತ್ರಗಳಿಂದ ವಿವರಿಸಿದರು. ನೀವು ಹಿಡಿಯಹೊರಟ ದಾರಿ ಆಗಲೇ ಇದೆ. ಪತ್ರದಲ್ಲಿ ಆ ಒಂದು ಪಠ್ಯವಿಷಯವನ್ನು ಹೆಸರಿಸಿ, ಅಲ್ಲಿಂದ ಕನ್ನಡದ ಪ್ರಶ್ನೆಗೆ ಬನ್ನಿ. ಶಾಲೆಯ ಪ್ರಬಂಧ ಸ್ಪರ್ಧೆಯ ಬಹುಮಾನಗಳನ್ನು ಬಿಟ್ಟುಬಿಡಿ.

ಭಾಷಾವಿಜ್ಞಾನದ ಅಂಕಗಳು ನಿಮ್ಮಲ್ಲಿಲ್ಲ ಎಂಬುದನ್ನು ಮುಚ್ಚಿಡಬೇಡಿ. ಇಲ್ಲಿ ಜರ್ಮನಿಯ ಪ್ರವೇಶ ಸಮಿತಿಗಳು ಹಿಂದಿನ ಪದವಿಯಲ್ಲಿ ಯಾವ ವಿಷಯ ಎಷ್ಟು ಓದಿದ್ದೀರಿ ಎಂದು ಒಂದೊಂದಾಗಿ ನೋಡುತ್ತವೆ. ಎನ್‌ಪಿಟಿಇಎಲ್‌ನಲ್ಲಿ ಭಾಷಾವಿಜ್ಞಾನದ ಕೋರ್ಸ್ ಒಂದನ್ನು ಪರೀಕ್ಷೆಯ ಸಹಿತ ಮುಗಿಸಿ, ಪ್ರಮಾಣಪತ್ರ ಸೇರಿಸಿ. ವಿಭಾಗಗಳ ಒಲವೂ ಬೇರೆಬೇರೆ. ಟ್ಯೂಬಿಂಗನ್‌ನಲ್ಲಿ ಈ ವಿಷಯಕ್ಕೆ ಕೊಡುವುದು ಎಂ.ಎ., ಸ್ಟುಟ್‌ಗಾರ್ಟ್ ಮತ್ತು ಸಾರ್‌ಬ್ರುಕನ್‌ಗಳಲ್ಲಿ ಎಂ.ಎಸ್ಸಿ. ಪ್ರಶ್ನೆ ಒಂದೇ ಇರಲಿ, ಒತ್ತು ಬದಲಾಗಲಿ: ಮೊದಲನೆಯದಕ್ಕೆ ಲಿಂಗ ಮತ್ತು ವಿಭಕ್ತಿಯ ವಿಶ್ಲೇಷಣೆ ವಿಸ್ತಾರವಾಗಿ, ಉಳಿದೆರಡಕ್ಕೆ ಪರೀಕ್ಷೆಯ ಫಲಿತಾಂಶ ವಿಸ್ತಾರವಾಗಿ. ಟ್ಯೂಬಿಂಗನ್, ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರ್‌ಗೆ 1500 ಯೂರೊ ಶುಲ್ಕವಿದೆ ಎಂಬುದನ್ನೂ ಲೆಕ್ಕದಲ್ಲಿಡಿ. ನಿಮ್ಮ ಪದವಿಯ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ ಈಗಲೇ ಅರ್ಜಿ ಹಾಕಿ, ಅದಿಲ್ಲದೆ ವೀಸಾ ಕೆಲಸ ಮುಂದೆ ಸಾಗುವುದಿಲ್ಲ.

ನಾನಿರುವುದು ಟ್ಯೂಬಿಂಗನ್‌ನಲ್ಲಿ. ಕಿಟೆಲ್ ತಮ್ಮ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಅದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಆದರೂ ಉದ್ದೇಶಪತ್ರದಲ್ಲಿ ಅವರನ್ನು ತರಬೇಡಿ, ಅದು ನಿಮ್ಮ ಪ್ರಶ್ನೆಗೆ ಏನನ್ನೂ ಕೂಡಿಸುವುದಿಲ್ಲ.

ಬಂದ ಮೇಲೆ ಮೊದಲ ಸೆಮಿಸ್ಟರ್‌ನಲ್ಲಿ ನಿಮ್ಮನ್ನು ಕಾಡುವುದು ಪ್ರೋಗ್ರಾಮಿಂಗ್ ಅಲ್ಲ, ವಾಕ್ಯರಚನೆ ಮತ್ತು ಅರ್ಥವಿಜ್ಞಾನದ ತರಗತಿಗಳು. ಪಕ್ಕದಲ್ಲಿ ಕೂರುವ ಭಾಷಾವಿಜ್ಞಾನದ ವಿದ್ಯಾರ್ಥಿಗೆ ಪೈಥಾನ್ ಅಷ್ಟೇ ಕಷ್ಟವಾಗಿರುತ್ತದೆ. ಅಂಥವರ ಜೊತೆ ಕುಳಿತು ವಾರದ ಅಭ್ಯಾಸಪ್ರಶ್ನೆಗಳನ್ನು ಬಿಡಿಸಿ. ಎರಡನೆಯ ಸೆಮಿಸ್ಟರ್ ಹೊತ್ತಿಗೆ 'ಹಿವಿ' ಎಂದು ಕರೆಯುವ ವಿದ್ಯಾರ್ಥಿ ಸಹಾಯಕರ ಕೆಲಸಕ್ಕೆ ಕೇಳಿ ನೋಡಿ. ಅಲ್ಲಿ ಸಾಮಾನ್ಯವಾಗಿ ಸಿಗುವುದು ಪಠ್ಯಕ್ಕೆ ವ್ಯಾಕರಣದ ಗುರುತು ಹಾಕುವ ಕೆಲಸ, ಅಂದರೆ ನೀವು ಆ ಇನ್ನೂರು ಪದಗಳಿಗೆ ಮಾಡಿದ್ದೇ. ಕರಡು ಸಿದ್ಧವಾದಾಗ ಕಳುಹಿಸಿ, ಓದಿ ಗುರುತು ಹಾಕಿ ಕೊಡುತ್ತೇನೆ.