ಆ ಖಾಲಿ ಜಾಗದಲ್ಲಿ ಏನು ಬರೀತೀರಿ?

*ಸಂಪಾದಕರೇ, ಒಂದು ಕ್ಷಮೆ ಕೇಳುವ ಮೆಸೇಜ್ ಬರೆದುಕೊಡಿ. ಚೆನ್ನಾಗಿರಲಿ, ಮನಸ್ಸಿಗೆ ತಟ್ಟುವ ಹಾಗಿರಲಿ. – ಒಬ್ಬ ಓದುಗ*

ಪ್ರಿಯ ಓದುಗರೇ,

ಮೊದಲು ಮೆಸೇಜ್ ಕೊಡುತ್ತೇನೆ: "ನಾನು ______ ಮಾಡಿದೆ. ಅದರಿಂದ ನಿಮಗೆ ______ ಆಯಿತು. ತಪ್ಪು ನನ್ನದು. ______ ದಿನದೊಳಗೆ ______ ಮಾಡಿ ಸರಿಪಡಿಸುತ್ತೇನೆ."

ಖಾಲಿ ಜಾಗಗಳನ್ನು ನಾನು ತುಂಬಲಾರೆ. ಅವನ್ನು ಬಿಟ್ಟು ಬರೆದರೆ ಉಳಿಯುವುದು "ಏನಾದರೂ ಬೇಜಾರಾಗಿದ್ದರೆ ಕ್ಷಮಿಸಿ" ಅನ್ನುವ ಮಾತು. ಅದನ್ನು ನಾನೇ ಒಮ್ಮೆ ಕಳಿಸಿದ್ದೆ. ಗೆಳೆಯನಿಂದ ಎರಡು ತಿಂಗಳಿಗೆಂದು 20,000 ರೂಪಾಯಿ ತೆಗೆದುಕೊಂಡು, ಐದು ತಿಂಗಳಾದರೂ ಕೊಟ್ಟಿರಲಿಲ್ಲ. ಮಗಳ ಕಾಲೇಜು ಫೀಸಿಗೆ ಅವನು ಬೇರೆಯವರ ಹತ್ತಿರ ಬಡ್ಡಿಗೆ ಸಾಲ ಮಾಡಬೇಕಾಯಿತು. ನನ್ನ ಮೆಸೇಜಿಗೆ ಉತ್ತರ ಬರಲಿಲ್ಲ.

"ಆಗಿದ್ದರೆ" ಅನ್ನುವ ಪದವೇ ಕೆಡಿಸಿತು. ಅವನಿಗೆ ನೋವಾಗಿದೆಯೋ ಇಲ್ಲವೋ ಅಂತ ನಾನು ಅನುಮಾನ ಪಟ್ಟ ಹಾಗಾಯಿತು. ನಮ್ಮ "ತಪ್ಪಾಯ್ತು" ಕೂಡ ಹಾಗೇ. ಎದುರಿಗೆ ನಿಂತು, ತಲೆ ತಗ್ಗಿಸಿ ಹೇಳಿದರೆ ಅದು ಸಾಕು, ಮುಖವೇ ಉಳಿದದ್ದನ್ನು ಹೇಳುತ್ತದೆ. ಬರಹದಲ್ಲಿ ಮಾತ್ರ ತಪ್ಪು ತಾನಾಗಿ ಆದಂತೆ ಕೇಳಿಸುತ್ತದೆ, ಮಾಡಿದವರು ಯಾರೂ ಇಲ್ಲವೇನೋ ಅನ್ನುವ ಹಾಗೆ. "ನಾನು ಮಾಡಿದೆ" ಅಂತಲೇ ಬರೆಯಬೇಕು.

ವಾರ ಬಿಟ್ಟು ಮತ್ತೆ ಬರೆದೆ: "ಮಾರ್ಚಿನಲ್ಲಿ ಕೊಡುತ್ತೇನೆ ಅಂದ ಹಣ ಕೊಡಲಿಲ್ಲ. ನೀನು ಫೋನ್ ಮಾಡಿದಾಗ ಎತ್ತಲೂ ಇಲ್ಲ. ಮಗಳ ಫೀಸಿಗೆ ನೀನು ಸಾಲ ಮಾಡಿದ್ದು ನನ್ನಿಂದ. ಇವತ್ತು 10,000 ಹಾಕಿದ್ದೇನೆ. ಉಳಿದದ್ದೂ ನೀನು ಕಟ್ಟಿದ ಬಡ್ಡಿಯೂ ಒಂದನೇ ತಾರೀಖಿಗೆ." ಕೈ ಯಾಕೆ ಕಟ್ಟಿತ್ತು ಅಂತ ಬರೆದಿದ್ದ ನಾಲ್ಕು ಸಾಲು ಅಳಿಸಿದೆ. ಕಾರಣ ನಿಜವೇ ಇತ್ತು, ಆದರೆ ಅವನು ಕೇಳಿರಲಿಲ್ಲ. ಸಂಜೆ ಫೋನ್ ಬಂತು. ಅವನಿಗೆ ಜಾಸ್ತಿ ನೋವಾಗಿದ್ದು ಹಣಕ್ಕಲ್ಲ, ನಾನು ಫೋನ್ ಎತ್ತದ್ದಕ್ಕೆ. ಆ ಸಾಲು ಬರೆಯದೇ ಹೋಗಿದ್ದರೆ ಅವನು ಮಾತಾಡುತ್ತಿರಲಿಲ್ಲ.

ಯಾರಿಗೆ ಅನ್ನುವುದರ ಮೇಲೂ ಮಾತು ಬದಲಾಗುತ್ತದೆ. ಅತ್ತೆಗೋ ದೊಡ್ಡಪ್ಪನಿಗೋ ಆದರೆ ಮೆಸೇಜ್ ಬೇಡ, ಮನೆಗೇ ಹೋಗಿ. ಆಫೀಸಿನಲ್ಲಿ ಎಲ್ಲರೆದುರು ಒಬ್ಬರ ಮೇಲೆ ರೇಗಿದ್ದರೆ, ಅವರಿಗೆ ಮಾತ್ರ ಗುಟ್ಟಾಗಿ ಬರೆದರೆ ಸಾಲದು. ಕೇಳಿಸಿಕೊಂಡವರ ಎದುರೇ ಹೇಳಬೇಕು. ಮೀಟಿಂಗಿಗೆ ತಡವಾಗಿದ್ದಕ್ಕೆ ಎರಡು ಸಾಲು ಸಾಕು, ಉದ್ದ ಬರೆದರೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಯಾರಿಗಾದರೂ ಗಾಯವಾಗಿ ವಿಷಯ ಪೊಲೀಸರವರೆಗೆ ಹೋಗಿದ್ದರೆ ಕಳಿಸುವ ಮೊದಲು ವಕೀಲರಿಗೆ ತೋರಿಸಿ, ಬರೆದದ್ದು ಸಾಕ್ಷಿಯಾಗಬಹುದು. ನನ್ನೊಂದಿಗೆ ಮಾತಾಡಬೇಡ ಅಂತ ಅವರು ಹೇಳಿದ್ದರೆ ಕಳಿಸಲೇಬೇಡಿ.

ಹೆಸರು ಬೇಡ, ಊರು ಬೇಡ. ಏನು ಮಾಡಿದಿರಿ, ಅವರಿಗೆ ಏನಾಯಿತು, ಅವರು ನಿಮಗೆ ಏನಾಗಬೇಕು, ಇಷ್ಟು ಬರೆದು ಕಳಿಸಿ. ಜೊತೆಗೆ ಕೂತು ಬರೆಯೋಣ.

– ಸಂಪಾದಕ